ನಿಂತರೆ ನಡು ನೋವು, ಕೂತರೆ ಆರಾಮ: ಬೆನ್ನಿನ ಮಣಿ ಜಾರಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಗಂಗಾವತಿ, ಕುಷ್ಟಗಿ, ಆಚೆ ಸಿಂಧನೂರಿನಿಂದಲೂ ಜನ ಎಕ್ಸ್‌ರೇ ಕವರ್ ಹಿಡಿದು ಬರುತ್ತಾರೆ. "ಮಣಿ ಜಾರೈತಂತ್ರೀ, ಆಪರೇಷನ್ ಬೇಕಂತ" ಅನ್ನೋದೇ ಮೊದಲ ಮಾತು. ಇವರಲ್ಲಿ ಜಾಸ್ತಿ ಜನ ಐವತ್ತು ದಾಟಿದ ಹೆಣ್ಣುಮಕ್ಕಳು. ವಯಸ್ಸಿನ ಸವೆತದಿಂದ ನಡುವಿನ ನಾಲ್ಕನೇ ಮಣಿ ಐದನೆಯದರ ಮೇಲೆ ಸ್ವಲ್ಪ ಮುಂದಕ್ಕೆ ಸರಿದಿರುತ್ತದೆ. ಇಲ್ಲಿ ಆ ಒಂದು ತೊಂದರೆಯ ಬಗ್ಗೆ ಮಾತ್ರ ಬರೆದಿದ್ದೇನೆ. ಅರ್ಥ ಆಗಲಿ ಅಂತ ಒಬ್ಬ ಅಕ್ಕನ ಕಥೆಯನ್ನೂ ಜೊತೆಗೆ ಹೇಳುತ್ತೇನೆ. ಅವರಿಗೆ 56 ವರ್ಷ. ಒಂದು ಖಾನಾವಳಿಯಲ್ಲಿ ನಿಂತು ಜೋಳದ ರೊಟ್ಟಿ ಬಡಿಯುತ್ತಾರೆ.

ಮಣಿ ಜಾರೋದು ಅಂದರೆ ಡಿಸ್ಕ್ ಜಾರೋದೇ ಅಲ್ವಾ?

ಅಲ್ಲ. ಎರಡೂ ಬೇರೆ. ಡಿಸ್ಕ್ ಅಂದರೆ ಎರಡು ಮಣಿಗಳ ನಡುವಿನ ಮೆತ್ತೆ. ಅದು ಉಬ್ಬಿ ಹೊರಗೆ ಬಂದರೆ ಡಿಸ್ಕ್ ಜಾರಿದೆ ಅನ್ನುತ್ತಾರೆ. ಇಲ್ಲಿ ಮುಂದೆ ಸರಿದಿರುವುದು ಎಲುಬಿನ ಮಣಿಯೇ. ಡಾಕ್ಟರ ಚೀಟಿಯಲ್ಲಿ ಇದಕ್ಕೆ ಸ್ಪಾಂಡಿಲೋಲಿಸ್ಥೆಸಿಸ್ ಅಂತ ಬರೆದಿರುತ್ತದೆ.

ಹೆಸರು ಒಂದೇ ಥರ ಕೇಳಿಸುವುದರಿಂದ ಒಂದು ದೊಡ್ಡ ತಪ್ಪು ನಡೆಯುತ್ತದೆ. ಡಿಸ್ಕ್ ನೋವು ಸಾಮಾನ್ಯವಾಗಿ ಕೂತಾಗ, ಮುಂದೆ ಬಾಗಿದಾಗ ಜಾಸ್ತಿ. ಅದಕ್ಕೆ ಅನೇಕರಿಗೆ ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಹೇಳಿಕೊಡುತ್ತಾರೆ. ಮಣಿ ಜಾರಿದವರಿಗೆ ನೋವು ನಿಂತಾಗ, ಹಿಂದೆ ಬಾಗಿದಾಗ ಜಾಸ್ತಿ. ಪಕ್ಕದ ಮನೆಯವರ ವ್ಯಾಯಾಮ ನೋಡಿ ಇವರೂ ಎದೆ ಎತ್ತಲು ಹೋದರೆ ಜಾರಿದ ಜಾಗವೇ ಹಿಂಡಿದಂತಾಗುತ್ತದೆ.

ನಿಂತಾಗಲೇ ಯಾಕೆ ನೋವು? ಕೂತ ಕೂಡಲೇ ಯಾಕೆ ಹೋಗುತ್ತೆ?

ಮಣಿಗಳ ಹಿಂಭಾಗದಲ್ಲಿ ಜೋಡಿ ಜೋಡಿಯಾಗಿ ಪುಟ್ಟ ಕೀಲುಗಳಿವೆ. ಮೇಲಿನ ಮಣಿ ಮುಂದೆ ಜಾರದಂತೆ ಹಿಡಿಯುವ ಕೊಂಡಿ ಅವೇ. ವಯಸ್ಸಾದಂತೆ ಮೆತ್ತೆ ತೆಳ್ಳಗಾಗುತ್ತದೆ, ಈ ಕೀಲುಗಳೂ ಸವೆಯುತ್ತವೆ. ಕೊಂಡಿ ಸಡಿಲವಾಗಿ ಮಣಿ ಕೆಲವು ಮಿಲಿಮೀಟರ್ ಮುಂದೆ ಬರುತ್ತದೆ. ಜೊತೆಗೆ ನರ ಹೋಗುವ ದಾರಿಯೂ ಇಕ್ಕಟ್ಟಾಗುತ್ತದೆ.

ನೆಟ್ಟಗೆ ನಿಂತಾಗ ನಡುವಿನ ಬಳುಕು ಹೆಚ್ಚುತ್ತದೆ. ಆಗ ಹಿಂದಿನ ಕೀಲುಗಳು ಒತ್ತಿಕೊಳ್ಳುತ್ತವೆ, ನರದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕೂತರೆ ಅಥವಾ ಮುಂದೆ ಬಾಗಿದರೆ ಬಳುಕು ಕಡಿಮೆಯಾಗಿ ದಾರಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸಂತೆಯಲ್ಲಿ ಖಾಲಿ ಕೈಯಲ್ಲಿ ಹತ್ತು ನಿಮಿಷ ನಡೆಯಲಾಗದವರು ತಳ್ಳುಗಾಡಿಯ ಮೇಲೆ ಬಾಗಿ ಅರ್ಧ ಗಂಟೆ ನಡೆಯುತ್ತಾರೆ. ಅಂಜನಾದ್ರಿ ಬೆಟ್ಟಕ್ಕೆ ಹೋಗಿ ಬಂದವರೂ ಇದನ್ನೇ ಹೇಳುತ್ತಾರೆ. 575 ಮೆಟ್ಟಿಲು ಹತ್ತುವಾಗ ಮೈ ಮುಂದೆ ಬಾಗಿರುತ್ತದೆ, ಉಸಿರು ಕಟ್ಟಿದರೂ ನಡು ಸುಮ್ಮನಿರುತ್ತದೆ. ಇಳಿಯುವಾಗ ಮೈ ಹಿಂದಕ್ಕೆ ವಾಲುತ್ತದೆ. ಆಗ ಕುಂಡಿಯಿಂದ ತೊಡೆಯ ತನಕ ಜಗ್ಗಲು ಶುರುವಾಗುತ್ತದೆ.

ನಮ್ಮ ರೊಟ್ಟಿ ಅಕ್ಕನಿಗೆ 12 ನಿಮಿಷ ನಿಂತರೆ ಎಡ ಕುಂಡಿ, ಪಿಂಡಿಯ ಹೊರಬದಿ ಜೋಮು ಹಿಡಿಯುತ್ತಿತ್ತು. ಜೋಳದ ಚೀಲದ ಮೇಲೆ ಎರಡು ನಿಮಿಷ ಕೂತರೆ ಹೋಗುತ್ತಿತ್ತು. "ನನಗೆ ಸೋಮಾರಿತನ ಬಂದೈತಿ ಅಂತ ಮಾಲೀಕರು ತಿಳ್ಕೊಂಡಾರ್ರಿ" ಅಂದಿದ್ದರು. ಕೂತ ಕೂಡಲೇ ನೋವು ಮಾಯವಾದರೆ ನೋಡುವವರಿಗೆ ನಾಟಕ ಅನ್ನಿಸಬಹುದು. ಆದರೆ ಈ ತೊಂದರೆಯ ಗುರುತೇ ಅದು.

ಕಾಲಿನ ರಕ್ತನಾಳದ ತೊಂದರೆ ಇದ್ದರೂ ನಡೆದಾಗ ನೋವು ಬರುತ್ತಂತೆ. ಗೊತ್ತಾಗೋದು ಹೇಗೆ?

ರಕ್ತ ಸಾಲದೆ ಬರುವ ನೋವು ಸುಮ್ನೆ ನಿಂತರೂ ಹೋಗುತ್ತದೆ. ಮಣಿ ಜಾರಿದ ನೋವಿಗೆ ನಿಂತರೆ ಸಾಲದು, ಕೂರಬೇಕು ಅಥವಾ ಬಾಗಬೇಕು. ಸೈಕಲ್ ತುಳಿದರೆ ರಕ್ತನಾಳದವರಿಗೆ ನೋವು ಬರುತ್ತದೆ. ಮಣಿಯವರಿಗೆ ಸಾಮಾನ್ಯವಾಗಿ ಬರುವುದಿಲ್ಲ, ಯಾಕೆಂದರೆ ಹ್ಯಾಂಡಲ್ ಮೇಲೆ ಮೈ ಬಾಗಿರುತ್ತದೆ. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಪಾದದ ನಾಡಿಯನ್ನೂ ತಪ್ಪದೆ ನೋಡಿಸಿಕೊಳ್ಳಿ. ಎರಡೂ ಒಟ್ಟಿಗೆ ಇರಬಹುದು.

ಎಂಆರ್‌ಐ ಮಾಡಿಸಿದ್ದೇವೆ. ಎಕ್ಸ್‌ರೇ ಇನ್ನೂ ಯಾಕೆ ಬೇಕು?

ಎಂಆರ್‌ಐ ತೆಗೆಯುವಾಗ ನೀವು ಮಲಗಿರುತ್ತೀರಿ. ಮಲಗಿದಾಗ ಕೆಲವರ ಮಣಿ ತನ್ನ ಜಾಗಕ್ಕೆ ಹಿಂದೆ ಸರಿದುಬಿಡುತ್ತದೆ. ನೋವು ಇರುವುದೇ ನಿಂತಾಗ ಅಂದಮೇಲೆ ಫೋಟೋನೂ ನಿಂತೇ ತೆಗೆಯಬೇಕು. ಪಕ್ಕದಿಂದ ನಿಂತು ಒಂದು, ಮುಂದೆ ಬಾಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ. ಎಷ್ಟು ಜಾರಿದೆ, ಬಾಗಿದಾಗ ಅಲುಗಾಡುತ್ತಾ ಅನ್ನೋದು ಇದರಲ್ಲೇ ತಿಳಿಯುವುದು. ನರ ಎಷ್ಟು ಒತ್ತಿದೆ ಅನ್ನೋದಕ್ಕೆ ಎಂಆರ್‌ಐ ಬೇಕು. ಆದರೆ ಕಾಲಿಗೆ ಇಳಿಯದ ಬರೀ ನಡು ನೋವಿಗೆ ಮೊದಲ ದಿನವೇ ಅದರ ಖರ್ಚು ಬೇಕಿಲ್ಲ.

ನಮ್ಮ ಅಕ್ಕನಿಗೆ ಮೊದಲು ಒಂದು ಕಡೆ ಮಲಗಿಸಿ ಎಕ್ಸ್‌ರೇ ತೆಗೆದು "ಏನೂ ಇಲ್ಲ" ಅಂದು ಕಳಿಸಿದ್ದರು. ನಿಂತು ತೆಗೆಸಿದಾಗ ನಾಲ್ಕನೇ ಮಣಿ 7 ಮಿಲಿಮೀಟರ್ ಮುಂದೆ ಇತ್ತು.

ಗ್ರೇಡ್ 1, ಗ್ರೇಡ್ 2 ಅಂದರೆ ಏನು?

ಕೆಳಗಿನ ಮಣಿಯ ಮೇಲ್ಭಾಗದ ಉದ್ದಕ್ಕೆ ಹೋಲಿಸಿ ಮೇಲಿನದು ಎಷ್ಟು ಮುಂದೆ ಬಂದಿದೆ ಅನ್ನುವ ಲೆಕ್ಕ ಇದು. ಅಕ್ಕನ ಐದನೇ ಮಣಿಯ ಉದ್ದ 36 ಮಿಲಿಮೀಟರ್. 7ನ್ನು 36ರಿಂದ ಭಾಗಿಸಿದರೆ ಸುಮಾರು ಶೇಕಡಾ 19. ಶೇಕಡಾ 25ರ ಒಳಗಿದ್ದರೆ ಗ್ರೇಡ್ 1, 50ರ ತನಕ ಗ್ರೇಡ್ 2, 75ರ ತನಕ ಗ್ರೇಡ್ 3, ಅದರ ಮೇಲೆ 4. ಮುಂದೆ ಬಾಗಿದಾಗ ಅವರ ಮಣಿ 1 ಮಿಲಿಮೀಟರ್ ಮಾತ್ರ ಅಲುಗಿತು. ಹೀಗಾಗಿ ಗ್ರೇಡ್ 1, ಗಟ್ಟಿಯಾಗಿ ನಿಂತಿರುವ ಜಾರಿಕೆ. ಅಲುಗಾಟ 3-4 ಮಿಲಿಮೀಟರ್ ದಾಟಿದ್ದರೆ ಡಾಕ್ಟರ ಮಾತೇ ಬೇರೆ ಇರುತ್ತಿತ್ತು.

ವಯಸ್ಸಿನ ಸವೆತದಿಂದ ಬರುವ ಜಾರಿಕೆ ಸಾಮಾನ್ಯವಾಗಿ ಗ್ರೇಡ್ 1ರಲ್ಲೋ 2ರ ಶುರುವಿನಲ್ಲೋ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಜಾರುವುದು ಹೆಚ್ಚಾಗಿ ಚಿಕ್ಕಂದಿನಿಂದ ಬಂದ ಬೇರೆ ಬಗೆಯಲ್ಲಿ. ಅಲ್ಲಿ ಕೊಂಡಿ ಸವೆದಿರುವುದಿಲ್ಲ, ಅದರ ಎಲುಬೇ ಬಿರುಕು ಬಿಟ್ಟಿರುತ್ತದೆ ಅಥವಾ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ಇನ್ನೊಂದು ಮಾತು: ಗ್ರೇಡು, ನೋವು ಒಂದೇ ಅಳತೆಯಲ್ಲಿ ಹೋಗುವುದಿಲ್ಲ. ಗ್ರೇಡ್ 2 ಇದ್ದೂ ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವರನ್ನು ನೋಡಿದ್ದೇನೆ.

ಇದು ಜಾರ್ತಾ ಜಾರ್ತಾ ಹೋಗಿ ಒಂದು ದಿನ ಕಾಲು ಬಿದ್ದುಹೋಗುತ್ತಾ?

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಪ್ರಶ್ನೆ ಇದು. ಸವೆತದ ಜಾರಿಕೆ ಇದ್ದವರನ್ನು ಆಪರೇಷನ್ ಇಲ್ಲದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದ ಅಧ್ಯಯನವೊಂದು ಜಪಾನಿನಲ್ಲಿ ನಡೆದಿದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಜಾರಿಕೆ ಹೆಚ್ಚಾಯಿತು. ಶುರುವಿನಲ್ಲಿ ನರದ ತೊಂದರೆ ಇಲ್ಲದವರಲ್ಲಿ ನಾಲ್ವರಲ್ಲಿ ಮೂವರು ಹಾಗೇ ಉಳಿದರು. ಮೆತ್ತೆ ತೆಳ್ಳಗಾಗುತ್ತಾ ಮಣಿಗಳು ತಾವೇ ಬಿಗಿಯಾಗುವುದೂ ಉಂಟು. ಅಂದರೆ ನಾಳೆಯೇ ಆಪರೇಷನ್ ಮಾಡದಿದ್ದರೆ ಲಕ್ವ ಹೊಡೆಯುತ್ತದೆ ಅನ್ನುವ ಮಾತು ಈ ಬಗೆಗೆ ಹೊಂದುವುದಿಲ್ಲ. ತುರ್ತಿನ ಲಕ್ಷಣಗಳು ಬೇರೆ ಇವೆ, ಮುಂದೆ ಹೇಳುತ್ತೇನೆ.

ವ್ಯಾಯಾಮ ಮಾಡಿದರೆ ಜಾರಿದ ಮಣಿ ಹಿಂದೆ ಹೋಗುತ್ತಾ?

ಹೋಗುವುದಿಲ್ಲ. ಮೂರು ತಿಂಗಳ ನಂತರ ಎಕ್ಸ್‌ರೇ ತೆಗೆದರೂ ಅದೇ 7 ಮಿಲಿಮೀಟರ್ ಕಾಣುತ್ತದೆ. ಬದಲಾಗುವುದು ನೋವು, ನಿಲ್ಲುವ ಹೊತ್ತು. ಸಡಿಲಾದ ಕೊಂಡಿಯ ಕೆಲಸವನ್ನು ಸುತ್ತಲಿನ ಸ್ನಾಯುಗಳು ಹೊರುವಂತೆ ಮಾಡುವುದು ಇದರ ಉದ್ದೇಶ. ಹೊಟ್ಟೆಯ ಒಳಪದರದ ಸ್ನಾಯು ಸೊಂಟಪಟ್ಟಿಯಂತೆ ಸುತ್ತಿಕೊಂಡಿರುತ್ತದೆ. ಮಣಿಗಳಿಗೆ ಅಂಟಿಕೊಂಡೇ ಸಣ್ಣ ಬೆನ್ನು ಸ್ನಾಯುಗಳಿರುತ್ತವೆ. ನೋವು ಬಂದಾಗ ಇವು ತಡವಾಗಿ ಎಚ್ಚರಗೊಳ್ಳುತ್ತವೆ, ಸೊರಗುತ್ತವೆ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಎಲುಬು ಬಿರುಕಿನ ಬಗೆಯವರಿಗೆ ಈ ಸ್ನಾಯುಗಳ ವ್ಯಾಯಾಮವನ್ನು 10 ವಾರ ಕಲಿಸಿದರು. ನೋವು ಕಡಿಮೆಯಾಗಿದ್ದು 30 ತಿಂಗಳ ನಂತರವೂ ಉಳಿದಿತ್ತು. ನಮ್ಮಲ್ಲಿ ಬರುವ ಸವೆತದ ಬಗೆಗೂ ಅದೇ ತತ್ವದ ಮೇಲೆ ಕಲಿಸುತ್ತೇವೆ.

ಯಾವ ವ್ಯಾಯಾಮ? ಹೇಗೆ ಮಾಡಬೇಕು?

ಅಕ್ಕನಿಗೆ ಹೇಳಿಕೊಟ್ಟ ಕ್ರಮವನ್ನೇ ಹೇಳುತ್ತೇನೆ. ನಿಮ್ಮ ಎಕ್ಸ್‌ರೇ, ಕಾಲಿನ ಬಲ ನೋಡಿದ ಮೇಲೆಯೇ ಶುರು ಮಾಡಿ. ಮೊದಲ ಒಂದೆರಡು ಸಲ ಯಾರಾದರೂ ತಿಳಿದವರ ಎದುರು ಮಾಡಿ.

ಮೊದಲ ಎರಡು ವಾರ ಒಂದೇ ಪಾಠ. ಚಾಪೆ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಸೊಂಟದ ಮುಂದೆ ಎರಡೂ ಬದಿ ಎಲುಬು ಕೈಗೆ ಸಿಗುತ್ತದೆ ಅಲ್ವಾ, ಅದರಿಂದ ಎರಡು ಬೆರಳು ಒಳಗೆ ಬೆರಳ ತುದಿ ಇಡಿ. ಮೆಲ್ಲಗೆ ಕೆಮ್ಮಿ. ಬೆರಳ ಕೆಳಗೆ ಗಟ್ಟಿಯಾಗಿದ್ದು ಗೊತ್ತಾಗುತ್ತದೆ. ಈಗ ಕೆಮ್ಮದೇ ಅದೇ ಬಿಗಿಯನ್ನು ತನ್ನಿ. ಪೂರಾ ಬಲ ಬೇಡ, ಕಾಲು ಭಾಗ ಸಾಕು. ಹತ್ತು ಎಣಿಸುವ ತನಕ ಹಿಡಿದು ಬಿಡಿ. ಹೀಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಜೋರಾಗಿ ಬಾಯಿಬಿಟ್ಟು ಎಣಿಸಿ. ಎಣಿಸಲು ಆಗುತ್ತಿಲ್ಲ ಅಂದರೆ ಉಸಿರು ಹಿಡಿದಿದ್ದೀರಿ ಅಂತ ಅರ್ಥ, ಅದು ತಪ್ಪು. ಅಕ್ಕ ಮೊದಲ ದಿನ ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಎಳೆದುಕೊಂಡು ಮುಖ ಕೆಂಪಗೆ ಮಾಡಿಕೊಂಡಿದ್ದರು. ಸರಿಯಾದ ಬಿಗಿ ಸಿಗಲು ಐದು ದಿನ ಹಿಡಿಯಿತು.

ಮೂರನೇ ವಾರದಿಂದ ಆ ಬಿಗಿ ಬಿಡದೆ ಕೈಕಾಲು ಆಡಿಸುವುದು. ಅದೇ ಭಂಗಿಯಲ್ಲಿ ಒಂದು ಪಾದವನ್ನು ಗೇಣುದ್ದ ಎತ್ತಿ ಇಳಿಸಿ, ಆಮೇಲೆ ಇನ್ನೊಂದು. ನಡು ಚಾಪೆಯಿಂದ ಮೇಲೇಳಬಾರದು. ನಂತರ ಮಡಚಿದ ಕಂಬಳಿ ಮೇಲೆ ಅಂಬೆಗಾಲಿನ ಭಂಗಿ. ಒಂದು ಕಾಲನ್ನು ನೆಲಕ್ಕೆ ತಾಗಿಸಿಕೊಂಡೇ ಹಿಂದೆ ಚಾಚಿ, ಆಮೇಲೆ ಸೊಂಟದ ಮಟ್ಟಕ್ಕೆ ಎತ್ತಿ. ಅದಕ್ಕಿಂತ ಮೇಲೆ ಬೇಡ. ಎಂಟು ಹತ್ತು ಎಣಿಸಿ ಇಳಿಸಿ, ಪ್ರತಿ ಬದಿ ಆರು ಸಲ. ಅಕ್ಕನ ನಡುವಿನ ಮೇಲೆ ನಾನು ಒಂದು ಖಾಲಿ ಸ್ಟೀಲ್ ತಟ್ಟೆ ಇಡುತ್ತಿದ್ದೆ. ನಡು ಜೋತುಬಿದ್ದರೆ ತಟ್ಟೆ ವಾಲುತ್ತದೆ, ಬೀಳುತ್ತದೆ. ಮನೆಯಲ್ಲಿ ಮೊಮ್ಮಗ ಆ ತಟ್ಟೆ ಕಾಯುತ್ತಿದ್ದ.

ಐದಾರನೇ ವಾರಕ್ಕೆ ಇನ್ನೆರಡು ಸೇರಿದವು. ಒಂದು, ಮಲಗಿ ಮೊಣಕಾಲು ಮಡಚಿ ಕುಂಡಿ ಎತ್ತುವುದು. ತೊಡೆ ಮತ್ತು ಹೊಟ್ಟೆ ಒಂದೇ ಸಾಲಿಗೆ ಬಂದ ಕೂಡಲೇ ನಿಲ್ಲಿಸಬೇಕು, ನಡು ಕಮಾನಾಗಬಾರದು. ಇನ್ನೊಂದು, ಮಗ್ಗುಲಿಗೆ ಮಲಗಿ ಮೊಣಕೈ, ಮೊಣಕಾಲಿನ ಮೇಲೆ ಸೊಂಟ ಎತ್ತಿ ಹತ್ತು ಎಣಿಸುವುದು. ಭುಜ ನೋವಿದ್ದರೆ ಗೋಡೆಗೆ ಮೊಣಕೈ ಒರಗಿಸಿ ನಿಂತೇ ಮಾಡಬಹುದು.

ಕೊನೆಯ ಹಂತವನ್ನು ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಚಾಪೆ ಮೇಲೆ ಕಲಿತ ಬಿಗಿಯನ್ನು ಕೆಲಸಕ್ಕೆ ತರಬೇಕು. ಕುರ್ಚಿಯಿಂದ ಏಳುವ ಮುಂಚೆ, ಕೊಡ ಎತ್ತುವ ಮುಂಚೆ, ರೊಟ್ಟಿ ಬಡಿಯಲು ನಿಂತಾಗ ಆ ಬಿಗಿ ಬರಬೇಕು. ಅಕ್ಕನ ಒಲೆ ಕಟ್ಟೆಯ ಕೆಳಗೆ ಒಂದು ಮರದ ಮಣೆ ಇಡಿಸಿದೆವು. ಐದೈದು ನಿಮಿಷಕ್ಕೆ ಒಂದೊಂದು ಕಾಲನ್ನು ಅದರ ಮೇಲೆ ಇಟ್ಟು ನಿಲ್ಲುವುದು. ಒಂದು ಪಾದ ಮೇಲಿದ್ದರೆ ನಡುವಿನ ಬಳುಕು ತಾನೇ ಕಡಿಮೆಯಾಗುತ್ತದೆ.

ಯಾವುದನ್ನು ಮಾಡಬಾರದು?

ಭುಜಂಗಾಸನ, ಧನುರಾಸನ, ಚಕ್ರಾಸನ ಬೇಡ. ಸೂರ್ಯನಮಸ್ಕಾರದಲ್ಲಿ ಹಿಂದೆ ಬಾಗುವ ಭಾಗಗಳೂ ಬೇಡ. ಕಾಲು ನೆಟ್ಟಗೆ ಇಟ್ಟುಕೊಂಡು ಎರಡೂ ಕಾಲು ಒಟ್ಟಿಗೆ ಎತ್ತುವುದು ಬೇಡ. ಯೋಗ ಬಿಡಿ ಅಂತಲ್ಲ, ಈ ಆಸನಗಳನ್ನು ಬಿಡಿ. ನಡು ತುಳಿಸಿಕೊಳ್ಳುವುದು, ಎಲುಬು ಕೂಡಿಸುವವರ ಹತ್ತಿರ ಹೋಗಿ ಲಟಕ್ ಅನ್ನಿಸುವುದು ಖಂಡಿತ ಬೇಡ. ಮುಂದೆ ಜಾರಿದ ಮಣಿಯನ್ನು ಹಿಂದಿನಿಂದ ತುಳಿದರೆ ಅದು ಹೋಗುವುದು ಇನ್ನೂ ಮುಂದಕ್ಕೇ.

ವ್ಯಾಯಾಮ ಮಾಡಿದ ಮೇಲೆ ನೋವು ಬಂದರೆ ನಿಲ್ಲಿಸಬೇಕಾ?

ಹೊಟ್ಟೆ, ಕುಂಡಿಯ ಸ್ನಾಯು ಒಂದು ದಿನ ನೊಂದರೆ ಅದು ಹೊಸ ಕೆಲಸದ ನೋವು. ನಡು ನೋವು ಮರುದಿನ ಬೆಳಿಗ್ಗೆಯೂ ಜಾಸ್ತಿ ಇದ್ದರೆ ಎಣಿಕೆ ಅರ್ಧಕ್ಕೆ ಇಳಿಸಿ. ನೋವು ಅಥವಾ ಜೋಮು ಕುಂಡಿಯಿಂದ ಪಿಂಡಿಗೆ, ಪಿಂಡಿಯಿಂದ ಪಾದಕ್ಕೆ ಇಳಿಯುತ್ತಿದ್ದರೆ ನಿಲ್ಲಿಸಿ ಬಂದು ತೋರಿಸಿ.

ಅಕ್ಕನಿಗೆ ಏಳನೇ ವಾರದಲ್ಲಿ ಹಿನ್ನಡೆ ಆಯಿತು. ಗವಿಮಠದ ಜಾತ್ರೆ ಬಂತು, ದಾಸೋಹದ ಸೇವೆಗೆ ಅಂತ ಇಡೀ ದಿನ ನಿಂತುಬಿಟ್ಟರು. ಮರುದಿನ ಹಾಸಿಗೆಯಿಂದ ಏಳಲು ಕಷ್ಟ. ಎರಡು ದಿನ ಮೊಣಕಾಲು ಎದೆಗೆ ತಂದು ಮಲಗುವುದು, ಮನೆಯೊಳಗೆ ಸ್ವಲ್ಪ ಸ್ವಲ್ಪ ಓಡಾಡುವುದು, ಮೊದಲ ಪಾಠ ಅಷ್ಟೇ ಮಾಡಿಸಿದೆ. ಒಂದು ವಾರಕ್ಕೆ ಮೊದಲಿನ ಸ್ಥಿತಿಗೆ ಬಂದರು. 12ನೇ ವಾರಕ್ಕೆ ಒಂದೇ ಸಮನೆ 40 ನಿಮಿಷ ನಿಲ್ಲುತ್ತಿದ್ದರು. ಈಗಲೂ 40 ನಿಮಿಷಕ್ಕೊಮ್ಮೆ ಕೂರುತ್ತಾರೆ. ನೋವು ಪೂರಾ ಹೋಗಿಲ್ಲ.

ಬೆಲ್ಟ್, ಮಾತ್ರೆ, ಇಂಜೆಕ್ಷನ್?

ಬೆಲ್ಟನ್ನು ಬಸ್ಸಿನ ಪ್ರಯಾಣಕ್ಕೆ, ಹೆಚ್ಚು ನಿಲ್ಲುವ ಎರಡು ಮೂರು ತಾಸಿಗೆ ಹಾಕಿ. ದಿನವಿಡೀ ಅದನ್ನೇ ನಂಬಬೇಡಿ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ನೀವೇ ತಂದು ನುಂಗಬೇಡಿ. ಬಿಪಿ, ಶುಗರ್ ಇದ್ದವರ ಕಿಡ್ನಿಗೆ ಅದು ಪೆಟ್ಟು ಕೊಡುತ್ತದೆ. ನರದ ಸುತ್ತ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕಾಲು ನೋವನ್ನು ಕೆಲವರಿಗೆ ಕೆಲವು ವಾರ ತಗ್ಗಿಸುತ್ತದೆ. ಆ ಹೊತ್ತನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಅದರಿಂದ ಲಾಭ.

ಹಾಗಾದರೆ ಆಪರೇಷನ್ ಮಾತು ಯಾವಾಗ?

ತುರ್ತು ಯಾವಾಗ ಅನ್ನೋದನ್ನು ಮೊದಲು ಹೇಳುತ್ತೇನೆ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲು ಬಲ ಕಳೆದುಕೊಂಡರೆ ಅದೇ ದಿನ, ರಾತ್ರಿ ಆಗಿದ್ದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ಇಲ್ಲಿ ಲೆಕ್ಕ ಗಂಟೆಗಳದ್ದು. ಬೆಳಗಾಗಲಿ ಅಂತ ಕಾಯಬೇಡಿ.

ಎರಡನೆಯದು ಪಾದದ ಬಲ. ಈ ಜಾಗದಲ್ಲಿ ಹೆಚ್ಚಾಗಿ ಒತ್ತುವ ನರ ಪಾದವನ್ನು ಮೇಲೆತ್ತುವ ನರ. 62 ವರ್ಷದ ಒಬ್ಬ ಹಿರಿಯರು ಬಂದಿದ್ದರು. ನೋವಿನ ಬಗ್ಗೆ ಅವರದು ದೊಡ್ಡ ದೂರೇನೂ ಇರಲಿಲ್ಲ. "ಬಲಗಾಲಿನ ಚಪ್ಪಲಿ ಗೊತ್ತಿಲ್ಲದಂಗ ಬಿಟ್ಟು ಬರ್ತೈತ್ರೀ" ಅಂದರು. ಚಪ್ಪಲಿ ನೋಡಿದೆ. ಬಲಗಡೆಯದರ ಮುಂತುದಿ ಮಾತ್ರ ಸವೆದಿತ್ತು. ಹಿಮ್ಮಡಿ ಮೇಲೆ ನಡೆಯಿರಿ ಅಂದೆ. ಎಡಗಾಲು ನಿಂತಿತು, ಬಲಪಾದ ಪಟ್ ಅಂತ ನೆಲಕ್ಕೆ ಬಿತ್ತು. ಅವರಿಗೆ ನಾನು ಒಂದು ವ್ಯಾಯಾಮವನ್ನೂ ಹೇಳಲಿಲ್ಲ, ಅದೇ ದಿನ ಸರ್ಜನ್ ಹತ್ತಿರ ಕಳಿಸಿದೆ. ನೀವೂ ವಾರಕ್ಕೊಮ್ಮೆ ಗೋಡೆ ಪಕ್ಕದಲ್ಲಿ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ.

ಮೂರನೆಯದು ಆತುರವಿಲ್ಲದ, ಆದರೆ ನಿಜವಾದ ಕಾರಣ. ಸರಿಯಾಗಿ ಕಲಿತ ವ್ಯಾಯಾಮವನ್ನು ಮೂರರಿಂದ ಆರು ತಿಂಗಳು ಮಾಡಿದರೂ ನಡೆಯುವ ದೂರ ಕುಗ್ಗುತ್ತಲೇ ಇದ್ದರೆ, ಕಾಲು ನೋವು ಬದುಕನ್ನೇ ಕಟ್ಟಿಹಾಕಿದ್ದರೆ, ಎಂಆರ್‌ಐಯಲ್ಲಿ ಅದೇ ಜಾಗದ ನರ ಒತ್ತಿರುವುದು ಕಂಡರೆ ಆಪರೇಷನ್ ಮಾತು ಬರುತ್ತದೆ. ಮಣಿ ಜಾಸ್ತಿ ಅಲುಗುತ್ತಿದ್ದರೂ ಅಷ್ಟೇ. ಕಾಲು ನೋವು, ಜೋಮಿಗೆ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ನಡು ನೋವಿಗೆ ಅಷ್ಟು ಖಾತ್ರಿ ಇಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ? ಸ್ಕ್ರೂ ಹಾಕಲೇಬೇಕಾ?

ಎರಡು ಕೆಲಸ ಇವೆ. ಒಂದು, ನರದ ಮೇಲೆ ಒತ್ತುತ್ತಿರುವ ಎಲುಬು, ದಪ್ಪಗಾದ ಪೊರೆಯನ್ನು ತೆಗೆದು ದಾರಿ ಬಿಡಿಸುವುದು. ಇನ್ನೊಂದು, ಸ್ಕ್ರೂ, ರಾಡು ಹಾಕಿ ಎಲುಬಿನ ಚೂರು ತುಂಬಿ ಎರಡು ಮಣಿಗಳನ್ನು ಬೆಸೆಯುವುದು. ಎರಡೂ ಎಲ್ಲರಿಗೂ ಬೇಕಾ ಅನ್ನೋದರ ಮೇಲೆ ಸರ್ಜನ್‌ಗಳಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. 2016ರಲ್ಲಿ ಸ್ವೀಡನ್, 2021ರಲ್ಲಿ ನಾರ್ವೆಯ ಅಧ್ಯಯನಗಳು ಅನೇಕರಿಗೆ ದಾರಿ ಬಿಡಿಸುವುದೇ ಸಾಕು ಅಂದವು. 2016ರದೇ ಒಂದು ಅಮೆರಿಕದ ಅಧ್ಯಯನದಲ್ಲಿ ಬೆಸೆದವರು ಸ್ವಲ್ಪ ಮೇಲಿದ್ದರು. ಮಣಿ ಅಲುಗುತ್ತಿದ್ದರೆ ಬೆಸೆಯುವ ಕಡೆ ತಕ್ಕಡಿ ವಾಲುತ್ತದೆ. ಆದ್ದರಿಂದ ಸರ್ಜನ್ ಹತ್ತಿರ ಎರಡು ಪ್ರಶ್ನೆ ಕೇಳಿ: "ನನ್ನ ಮಣಿ ಅಲುಗುತ್ತಾ, ಎಷ್ಟು ಮಿಲಿಮೀಟರ್?" "ಬರೀ ದಾರಿ ಬಿಡಿಸಿದರೆ ನನಗೆ ಯಾಕೆ ಸಾಲದು?"

ಸಾಮಾನ್ಯವಾಗಿ ಮರುದಿನವೇ ನಡೆಸುತ್ತಾರೆ. ಬೆಸೆದಿದ್ದರೆ ಭಾರ ಎತ್ತುವುದು, ಬಾಗಿ ತಿರುಗುವುದು ಸುಮಾರು ಮೂರು ತಿಂಗಳು ಬೇಡ ಅನ್ನುತ್ತಾರೆ. ಎಲುಬು ಪೂರಾ ಕೂಡಲು ಆರು ತಿಂಗಳಿಂದ ಒಂದು ವರ್ಷ ಬೇಕು. ಸೋಂಕು, ನರದ ಪೊರೆ ಹರಿಯುವುದು, ಎಲುಬು ಕೂಡದಿರುವುದು, ವರ್ಷಗಳ ನಂತರ ಮೇಲಿನ ಮಣಿ ಸವೆಯುವುದು ಇವು ಆಗಬಹುದಾದ ತೊಂದರೆಗಳು. ಬೀಡಿ, ಸಿಗರೇಟು ಸೇದುವವರಿಗೆ ಎಲುಬು ಕೂಡುವುದು ನಿಧಾನ, ಕೆಲವರಿಗೆ ಕೂಡುವುದೇ ಇಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕು ಹೆಚ್ಚು. ಮುಟ್ಟು ನಿಂತ ಹೆಣ್ಣುಮಕ್ಕಳು ಎಲುಬಿನ ಗಟ್ಟಿತನವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಟೊಳ್ಳು ಎಲುಬಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಇಷ್ಟಕ್ಕೆಲ್ಲ ಎಲ್ಲಿ ಹೋಗಬೇಕು? ಖರ್ಚು?

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಮೊದಲು ಅಲ್ಲಿನ ಮೂಳೆ ವಿಭಾಗಕ್ಕೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ತುರ್ತಲ್ಲದ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಸಾಲ ಮಾಡಿ ಸೇರಿಕೊಂಡ ಮೇಲೆ ಚೀಟಿ ಹುಡುಕಬೇಡಿ. ಹೋಗುವಾಗ ನಿಂತು ತೆಗೆಸಿದ ಎಕ್ಸ್‌ರೇ, ಎಷ್ಟು ನಿಮಿಷ ನಿಂತರೆ, ಎಷ್ಟು ದೂರ ನಡೆದರೆ ನೋವು ಬರುತ್ತದೆ ಅನ್ನೋದನ್ನು ವಾರವಾರ ಬರೆದಿಟ್ಟ ಹಾಳೆ ಎರಡೂ ಜೊತೆಗಿರಲಿ. ನಮ್ಮ ಅಕ್ಕ ಆ ಲೆಕ್ಕವನ್ನು ಖಾನಾವಳಿಯ ಕ್ಯಾಲೆಂಡರಿನ ಹಿಂದೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಸರ್ಜನ್ ಅದರ ಫೋಟೋ ನೋಡಿ, 12 ನಿಮಿಷ 40 ಆಗಿದ್ದು ಕಂಡು, "ಇವರಿಗೆ ಈಗ ಬೇಡ, ಆರು ತಿಂಗಳು ಬಿಟ್ಟು ಬರಲಿ" ಅಂತ ಬರೆದು ಕಳಿಸಿದರು.